ತಕ್ಕದ್ದು, ಬಹುದು ಮತ್ತು ಪ್ರಯತ್ನ

ಕೆಲವು ವರ್ಷಗಳ ಹಿಂದಿನ ಮಾತು. ನಾನು ಅಧ್ಯಾಪನದಿಂದ ನಿವೃತ್ತನಾಗಿ ಸೇಡಂನಲ್ಲಿ ನೆಲೆಸಿದ್ದೆ. ಒಂದು ಮುಂಜಾನೆ ರೈತರೊಬ್ಬರು ಕಾಗದದ ಸುರುಳಿಯೊಂದನ್ನು ಹಿಡಿದು ಬಂದರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಈ ಸೀಮೆ ಸುಣ್ಣಕಲ್ಲಿನ ಸೀಮೆ. ಮೇಲೆ ತೊಗರಿ ಬೆಳೆಯುತ್ತದೆ, ಕೆಳಗೆ ಸಿಮೆಂಟಿನ ಕಲ್ಲು ಮಲಗಿರುತ್ತದೆ. ಆದ್ದರಿಂದ ಹೊಲವನ್ನು ಕಾರ್ಖಾನೆಗೆ ಕೊಡುವ ಕರಾರುಗಳು ಇಲ್ಲಿ ಹೊಸವಲ್ಲ. ಆ ರೈತರು ನಾಲ್ಕು ಎಕರೆ ಮಾರಿದ್ದರು; ಕೊಂಡವರು ಯಾರೆಂಬುದು ಇಲ್ಲಿ ಬೇಡ. ಕರಾರು ಇಂಗ್ಲಿಷಿನಲ್ಲಿತ್ತು, ಜೊತೆಗೊಂದು ಕನ್ನಡ ಅನುವಾದವಿತ್ತು. ಅವರ ಪ್ರಶ್ನೆ ಒಂದೇ: “ಸರ್, ಮನಿಗೊಂದು ನೌಕರಿ ಕೊಡತಕ್ಕದ್ದು ಅಂತ ಬರದಾರಲ್ರಿ, ಮತ್ತ ಯಾಕ ಕೊಡವಲ್ರು?”

ನಾನು ಎರಡು ಪಾಠಗಳನ್ನೂ ಎದುರುಬದುರಿಗಿಟ್ಟು ಓದಿದೆ. ನಾಮಪದಗಳೆಲ್ಲ ಸರಿಯಾಗಿದ್ದವು. ಸರ್ವೆ ನಂಬರು, ಚಕ್ಕುಬಂದಿ, ಮೊಬಲಗು ಯಾವುದರಲ್ಲೂ ಲೋಪವಿರಲಿಲ್ಲ. ತಪ್ಪಿದ್ದುದು ವಾಕ್ಯದ ಬಾಲದಲ್ಲಿ. ಕನ್ನಡದಲ್ಲಿ ಕರಾರಿನ ಜೀವ ಇರುವುದು ಆ ಬಾಲದಲ್ಲಿಯೇ. ಆ ಒಂದೇ ಕರಾರಿನ ಮೂರು ವಾಕ್ಯಗಳನ್ನು ಮಾತ್ರ ಇಂದು ಕೇಳುಗರ ಮುಂದಿಡುತ್ತೇನೆ.

ಮೊದಲನೆಯದು ‘ಶಲ್’ ಎಂಬ ಕ್ರಿಯಾಪದದ್ದು. ಉಳಿದ ಹೊಲಕ್ಕೆ ಹೋಗಲು ಕಂಪನಿಯು ಹನ್ನೆರಡು ಅಡಿ ಬಂಡಿದಾರಿ ಬಿಡತಕ್ಕದ್ದೆಂದು ಇಂಗ್ಲಿಷ್ ಹೇಳಿತ್ತು. ಅನುವಾದಕರು ‘ದಾರಿ ಬಿಡಲಾಗುವುದು’ ಎಂದು ಬರೆದಿದ್ದರು. ಶಾಲೆಯಲ್ಲಿ ಶಲ್ ಎಂದರೆ ಭವಿಷ್ಯತ್ಕಾಲವೆಂದು ಕಲಿತದ್ದರ ಫಲವಿದು. ಭವಿಷ್ಯತ್ಕಾಲವು ಮುಂದೆ ನಡೆಯುವುದನ್ನು ಹೇಳುತ್ತದೆಯೇ ಹೊರತು ಯಾರನ್ನೂ ಕಟ್ಟಿಹಾಕುವುದಿಲ್ಲ. ಮೇಲಾಗಿ ‘ಬಿಡಲಾಗುವುದು’ ಎಂಬ ಕರ್ಮಣಿಯಲ್ಲಿ ಬಿಡುವವನು ಯಾರೆಂಬುದೇ ಮಾಯವಾಗಿದೆ. ನಮ್ಮ ರಾಜ್ಯದ ಅಧಿನಿಯಮಗಳ ಕನ್ನಡ ಪಾಠಗಳಲ್ಲಿ ಶಲ್‌ಗೆ ‘ತಕ್ಕದ್ದು’, ಅದರ ನಿಷೇಧಕ್ಕೆ ‘ತಕ್ಕದ್ದಲ್ಲ’ ಎಂಬ ರೂಪಗಳು ರೂಢಿಯಾಗಿವೆ. ‘ಕಂಪನಿಯು ದಾರಿಯನ್ನು ಬಿಡತಕ್ಕದ್ದು’ ಎಂದರೆ ಕರ್ತೃವೂ ಸಿಕ್ಕಿದ, ಕಟ್ಟೂ ಬಿದ್ದಿತು.

ಆದರೆ ಇಂಗ್ಲಿಷಿನಲ್ಲಿ ಶಲ್ ಕಂಡಲ್ಲೆಲ್ಲ ತಕ್ಕದ್ದನ್ನು ಅಂಟಿಸುವುದೂ ತಪ್ಪೇ. ‘ಈ ಕರಾರು ಐದು ವರ್ಷಕ್ಕೆ ಕೊನೆಗೊಳ್ಳತಕ್ಕದ್ದು’ ಎಂದು ಬರೆದರೆ ಕರಾರಿಗೇ ಕರ್ತವ್ಯ ವಿಧಿಸಿದಂತಾಗುತ್ತದೆ. ಅಲ್ಲಿ ‘ಕೊನೆಗೊಳ್ಳುತ್ತದೆ’ ಎಂದರೆ ಸಾಕು. ಕರ್ತೃಸ್ಥಾನದಲ್ಲಿ ಮಾಡಬಲ್ಲ, ತಪ್ಪಬಲ್ಲ ಪಕ್ಷವೊಂದು ಇದೆಯೇ ಎಂದು ಕೇಳಿಕೊಳ್ಳಬೇಕು. ಇದ್ದರೆ ತಕ್ಕದ್ದು, ಇಲ್ಲದಿದ್ದರೆ ಸಾಮಾನ್ಯ ಕ್ರಿಯೆ.

ಎರಡನೆಯದು ‘ಮೇ’. ಬಿತ್ತನೆಯ ಕಾಲದಲ್ಲಿ ಕಂಪನಿಯು ಆ ದಾರಿಯನ್ನು ಮುಚ್ಚಬಾರದೆಂಬುದನ್ನು ಇಂಗ್ಲಿಷ್ ಪಾಠವು ‘ಮೇ ನಾಟ್’ ಎಂಬ ಮಾತಿನಿಂದ ಹೇಳಿತ್ತು. ಕನ್ನಡದಲ್ಲಿ ‘ಮುಚ್ಚದಿರಬಹುದು’ ಎಂದಾಗಿತ್ತು. ಒಂದೊಂದು ಪದಕ್ಕೂ ಒಂದೊಂದು ಪದ ಕೊಟ್ಟಿದ್ದಾರೆ. ಆದರೆ ಅರ್ಥ ತಲೆಕೆಳಗಾಗಿದೆ. ಮುಚ್ಚದಿರಬಹುದು ಎಂದಾಗ ಮುಚ್ಚದೆ ಇರುವ ಸ್ವಾತಂತ್ರ್ಯ ಕಂಪನಿಗೆ ಸಿಕ್ಕಿತು. ಅಂದಮೇಲೆ ಮುಚ್ಚುವ ಸ್ವಾತಂತ್ರ್ಯವೂ ಸಿಕ್ಕಿತು! ಕನ್ನಡದಲ್ಲಿ ನಿಷೇಧ ಧಾತುವಿಗೆ ಅಂಟಿದರೆ ಒಂದು ಅರ್ಥ, ಸಹಾಯಕ ಕ್ರಿಯೆಗೆ ಅಂಟಿದರೆ ಇನ್ನೊಂದು. ‘ಮುಚ್ಚಕೂಡದು’ ಎಂಬುದು ನಿಷೇಧ. ‘ಮುಚ್ಚಬೇಕಾಗಿಲ್ಲ’ ಎಂಬುದು ಕರ್ತವ್ಯದಿಂದ ವಿನಾಯಿತಿ. ‘ಮುಚ್ಚದಿರಬಹುದು’ ಎಂಬುದು ಆಯ್ಕೆ ಅಥವಾ ಬರಿಯ ಊಹೆ.

ಬಹುದು ಎಂಬ ರೂಪದಲ್ಲಿಯೇ ಈ ಊಹೆಯ ನೆರಳಿದೆ. ‘ಮಳೆ ಬರಬಹುದು’ ಎಂಬಲ್ಲಿಯೂ ಅದೇ ರೂಪ, ‘ನೀವಿನ್ನು ಹೋಗಬಹುದು’ ಎಂಬಲ್ಲಿಯೂ ಅದೇ. ಸಂದೇಹಕ್ಕೆ ಎಡೆಯಿದ್ದಾಗ ‘ದಾರಿಯನ್ನು ಬಳಸಲು ಮಾಲೀಕನಿಗೆ ಹಕ್ಕಿದೆ’ ಎಂದು ಬಿಡಿಸಿ ಬರೆಯುವುದು ಲೇಸು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ಭಾಗಕ್ಕೆ ಇಂಥ ವಿವೇಕ ಅಪರಿಚಿತವಲ್ಲ. ಉರ್ದು ಕಾನೂನುಭಾಷೆಯಲ್ಲಿ ಮಾಡಲೇಬೇಕಾದುದಕ್ಕೆ ‘ಲಾಜಿಮ್’, ಮಾಡುವ ಅಧಿಕಾರವಿದ್ದುದಕ್ಕೆ ‘ಮಜಾಜ್’ ಎಂಬ ಬೇರೆಬೇರೆ ಶಬ್ದಗಳೇ ಇದ್ದವು. ಶಹಾಬಾದಿನ ಬಳಿಯ ಮರತೂರಿನೊಂದಿಗೆ ಹೆಸರು ಬೆಸೆದುಕೊಂಡಿರುವ ಮಿತಾಕ್ಷರದ ಕರ್ತೃ ವಿಜ್ಞಾನೇಶ್ವರನ ಪರಂಪರೆಯಲ್ಲಿಯೂ ವಿಧಿವಾಕ್ಯ ಯಾವುದು, ಬರಿಯ ವರ್ಣನೆ ಯಾವುದು ಎಂಬುದೇ ಮೊದಲ ವಿಚಾರ.

ಇನ್ನು ಮೂರನೆಯದು, ರೈತರನ್ನು ನನ್ನ ಮನೆಯವರೆಗೆ ತಂದ ವಾಕ್ಯ. ಕುಟುಂಬದ ಒಬ್ಬರಿಗೆ ಉದ್ಯೋಗ ದೊರಕಿಸಲು ಕಂಪನಿಯು ‘ಬೆಸ್ಟ್ ಎಂಡೆವರ್ಸ್’ ಮಾಡತಕ್ಕದ್ದೆಂದು ಇಂಗ್ಲಿಷ್ ಹೇಳಿತ್ತು. ಕನ್ನಡದಲ್ಲಿ ‘ಆದಷ್ಟು ಪ್ರಯತ್ನಿಸಿ ಉದ್ಯೋಗ ಕೊಡತಕ್ಕದ್ದು’ ಎಂದಿತ್ತು. ಈ ವಾಕ್ಯದಲ್ಲಿ ಎರಡು ತಪ್ಪುಗಳು ಒಂದರ ಬೆನ್ನಿಗೊಂದು ಕೂತಿವೆ. ಕಟ್ಟು ಬೀಳಬೇಕಾದದ್ದು ಪ್ರಯತ್ನಕ್ಕೆ. ಅನುವಾದದಲ್ಲಿ ಅದು ಫಲಕ್ಕೆ ಬಿದ್ದಿದೆ. ಕಂಪನಿ ಕೊಡದ ಭರವಸೆಯನ್ನು ಕನ್ನಡ ಕೊಟ್ಟುಬಿಟ್ಟಿದೆ. ಇತ್ತ ಪ್ರಯತ್ನವಾದರೋ ‘ಆದಷ್ಟು’ ಎಂಬ ಸಡಿಲ ಮಾತಿನಲ್ಲಿ ಸೊರಗಿದೆ. ನಮ್ಮ ಮಾತಿನಲ್ಲಿ ‘ಆದಷ್ಟು ನೋಡ್ತೀನಿ’ ಎಂದರೆ ಆಗಲಿಕ್ಕಿಲ್ಲ ಎಂದೇ ಅರ್ಥವಲ್ಲವೇ?

ಇಂಗ್ಲೆಂಡಿನ ನ್ಯಾಯಾಲಯಗಳು ಈ ನುಡಿಗಟ್ಟನ್ನು ಹಗುರಾಗಿ ಕಂಡಿಲ್ಲ. 1911ರಲ್ಲಿ ಶೆಫೀಲ್ಡಿನ ರೈಲು ಕಂಪನಿಯೊಂದರ ವ್ಯಾಜ್ಯದಲ್ಲಿ, ಇದರ ಅರ್ಥ ಎರಡನೆಯ ದರ್ಜೆಯ ಪ್ರಯತ್ನವಲ್ಲ ಎಂದು ನ್ಯಾಯಾಧೀಶರು ಹೇಳಿದರು. 1980ರಲ್ಲಿ ಐಬಿಎಂ ಮತ್ತು ರಾಕ್‌ವೇರ್ ಗ್ಲಾಸ್ ಕಂಪನಿಗಳ ನಡುವಿನ ಮೊಕದ್ದಮೆ ನಮ್ಮ ರೈತರದಕ್ಕೆ ಇನ್ನೂ ಹತ್ತಿರದ್ದು, ಅದೂ ಜಮೀನಿನದೇ. ಕಟ್ಟಡದ ಅನುಮತಿ ಪಡೆಯಲು ಇದೇ ಬಗೆಯ ಪ್ರಯತ್ನ ಮಾಡುವುದಾಗಿ ಕೊಳ್ಳುವವರು ಒಪ್ಪಿದ್ದರು. ಸ್ಥಳೀಯ ಸಂಸ್ಥೆ ಅನುಮತಿ ನಿರಾಕರಿಸಿತು. ಅಷ್ಟಕ್ಕೆ ಕೈಚೆಲ್ಲಬಹುದೇ, ಮಂತ್ರಿಗೆ ಮೇಲ್ಮನವಿ ಸಲ್ಲಿಸಬೇಕೇ ಎಂಬುದು ಪ್ರಶ್ನೆ. ಸಲ್ಲಿಸಬೇಕಾಗಿತ್ತೆಂದು ತೀರ್ಪಾಯಿತು. ತನ್ನದೇ ಹಿತಕ್ಕಾಗಿ ದುಡಿಯುವ ವಿವೇಕಿಯಾದ ದೃಢಮನಸ್ಕ ಮಾಲೀಕನೊಬ್ಬ ಏನೇನು ಮಾಡುತ್ತಿದ್ದನೋ ಅದೆಲ್ಲವೂ ಅದರಲ್ಲಿ ಸೇರಿತು. ಆದರೂ ಫಲದ ಖಾತರಿ ಅದರಲ್ಲಿಲ್ಲ, ಮನೆಮಾರು ಕಳೆದುಕೊಂಡಾದರೂ ಮಾಡೆಂಬ ಹಟವೂ ಇಲ್ಲ. ಈ ತೀರ್ಪುಗಳು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲ; ಆದರೆ ಆ ನುಡಿಗಟ್ಟು ಹುಟ್ಟಿದ ಮನೆಯಲ್ಲಿ ಅದಕ್ಕಿರುವ ತೂಕವನ್ನು ತಿಳಿಸುತ್ತವೆ.

ಈ ತೂಕವನ್ನು ಕನ್ನಡದ ಒಂದು ಪದ ಹೊರಲಾರದು, ಎರಡು ವಾಕ್ಯಗಳು ಹೊರಬಲ್ಲವು. ನಾನು ಬರೆದದ್ದು ಹೀಗೆ: ‘ಕುಟುಂಬದ ಒಬ್ಬರಿಗೆ ಉದ್ಯೋಗ ದೊರಕುವಂತೆ, ಕಂಪನಿಯು ತನ್ನಿಂದ ಸಾಧ್ಯವಿರುವ ಎಲ್ಲ ಯುಕ್ತ ಕ್ರಮಗಳನ್ನೂ ಕೈಗೊಳ್ಳತಕ್ಕದ್ದು. ಆ ಎಲ್ಲ ಕ್ರಮಗಳ ತರುವಾಯವೂ ಉದ್ಯೋಗ ದೊರಕದಿದ್ದಲ್ಲಿ, ಅಷ್ಟು ಮಾತ್ರದಿಂದ ಕರಾರನ್ನು ಮುರಿದಂತಾಗುವುದಿಲ್ಲ.’ ಇಲ್ಲಿ ‘ಎಲ್ಲ’ ಎಂಬ ಮಾತು ಮುಖ್ಯ. ಅದನ್ನು ಬಿಟ್ಟು ‘ಯುಕ್ತ ಪ್ರಯತ್ನ’ ಎಂದಷ್ಟೇ ಬರೆದರೆ ಇಂಗ್ಲಿಷಿನ ‘ರೀಸನಬಲ್ ಎಂಡೆವರ್ಸ್’ ಎಂಬ ಹಗುರವಾದ ಬೇರೊಂದು ಕಟ್ಟಿಗೆ ಇಳಿದಂತಾಗುತ್ತದೆ.

ಇದನ್ನು ರೈತರಿಗೆ ಓದಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಕರಾರಿನ ಕೊನೆಯಲ್ಲಿ, ಎರಡು ಪಾಠಗಳಲ್ಲಿ ಭೇದ ಕಂಡರೆ ಇಂಗ್ಲಿಷೇ ಪ್ರಮಾಣವೆಂಬ ಷರತ್ತಿತ್ತು. ಅದನ್ನು ಮಾತ್ರ ಅನುವಾದಕರು ಸರಿಯಾಗಿ ಕನ್ನಡಿಸಿದ್ದರು. ಕನ್ನಡದ ಮಾತನ್ನು ನಂಬಿ ಹೊಲ ಬಿಟ್ಟುಕೊಟ್ಟವರಿಗೆ ಬೇರೆ ಪರಿಹಾರ ಉಂಟೇ ಎಂಬುದು ವಕೀಲರ ವಿಷಯ. ಅವರ ಬಳಿಗೆ ಕಳಿಸಿದೆ. ಆದರೆ ಕೇಳಬೇಕಾದ ಪ್ರಶ್ನೆ ಬದಲಾಗಿತ್ತು. ‘ನೌಕರಿ ಯಾಕೆ ಕೊಡಲಿಲ್ಲ’ ಎಂಬುದಕ್ಕೆ ಕಂಪನಿಯ ಬಳಿ ಸುಲಭದ ಉತ್ತರವಿತ್ತು. ‘ಕರಾರಾದ ಮೇಲೆ ಎಷ್ಟು ಹುದ್ದೆಗಳು ಖಾಲಿಯಾದವು, ಯಾವುದಕ್ಕೆ ನನ್ನ ಮಗನ ಹೆಸರನ್ನು ಪರಿಶೀಲಿಸಿದಿರಿ, ಏನೇನು ಕ್ರಮ ಕೈಗೊಂಡಿರಿ’ ಎಂಬುದಕ್ಕೆ ಅಷ್ಟು ಸುಲಭದ ಉತ್ತರವಿಲ್ಲ. ಆ ಮೂರು ಪ್ರಶ್ನೆಗಳ ಅರ್ಜಿಯನ್ನು ನಾವಿಬ್ಬರೂ ಕೂಡಿ ಬರೆದೆವು.

ಅಂದಿನಿಂದ ಯಾವ ಕರಾರಿನ ಅನುವಾದ ನನ್ನ ಕೈಗೆ ಬಂದರೂ ಅದನ್ನು ಮೊದಲು ಸಹಿ ಹಾಕುವವರಿಗೆ ಗಟ್ಟಿಯಾಗಿ ಓದುತ್ತೇನೆ. ಪ್ರತಿ ವಾಕ್ಯ ಮುಗಿದಾಗ, ‘ಇದನ್ನು ಯಾರು ಮಾಡಬೇಕು? ಮಾಡದಿದ್ದರೆ ತಪ್ಪೇ?’ ಎಂದು ಕೇಳುತ್ತೇನೆ. ಅವರ ಉತ್ತರವನ್ನು ಇಂಗ್ಲಿಷ್ ಪಾಠದೊಂದಿಗೆ ಹೋಲಿಸುತ್ತೇನೆ. ಎರಡೂ ಹೊಂದದಿದ್ದರೆ, ತಪ್ಪು ಕೇಳಿದವರದಲ್ಲ. ಬಾಲವನ್ನು ಮತ್ತೆ ಬರೆಯುತ್ತೇನೆ.