ಗ್ರೀಸ್ ಹಾಕಲಿಲ್ಲವೋ, ಸಾಲಲಿಲ್ಲವೋ?

ಇವತ್ತು ಒಂದು ವಿಮಾನ, ಒಂದು ನಟ್ಟು, ಮತ್ತೆ ನಾನು ಮಾಡಿದ ಒಂದು ಕೆಟ್ಟ ಅನುವಾದದ ಕಥೆ.

2000ದ ಜನವರಿ 31. ಅಲಾಸ್ಕಾ ಏರ್‌ಲೈನ್ಸ್‌ನ 261ನೇ ವಿಮಾನ ಮೆಕ್ಸಿಕೋದಿಂದ ಹೊರಟು ಕ್ಯಾಲಿಫೋರ್ನಿಯಾ ಕರಾವಳಿಯ ಹತ್ತಿರ ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 88 ಜನರೂ ಸತ್ತರು. ವಿಮಾನ ಎಂಡಿ-83. ಅದರ ಬಾಲದಲ್ಲಿ ಅಡ್ಡಕ್ಕಿರೋ ಪುಟ್ಟ ರೆಕ್ಕೆಯನ್ನು ಮೇಲೆ-ಕೆಳಗೆ ಸರಿಸೋಕೆ ಜಾಕ್‌ಸ್ಕ್ರೂ ಅಂತ ಒಂದು ಉದ್ದದ ಸ್ಕ್ರೂ ಇದೆ, ಅದು ಒಂದು ದಪ್ಪ ನಟ್ಟಿನೊಳಗೆ ತಿರುಗುತ್ತೆ. ಕಾರಿನ ಪಂಕ್ಚರ್ ಹಾಕುವಾಗ ಜಾಕ್ ತಿರುಗಿಸ್ತೀವಲ್ಲ, ಹೆಚ್ಚುಕಡಿಮೆ ಅದೇ. ಸ್ಕ್ರೂ ಉಕ್ಕಿನದು, ನಟ್ಟು ಅದಕ್ಕಿಂತ ಮೆದು ಲೋಹದ್ದು. ಗ್ರೀಸ್ ಸಾಲದಿದ್ದರೆ ಸವೆಯೋದು ನಟ್ಟಿನ ಥ್ರೆಡ್. ಸಮುದ್ರದ ತಳದಿಂದ ಸ್ಕ್ರೂ ಎತ್ತಿದಾಗ ನಟ್ಟಿನ ಥ್ರೆಡ್ಡೇ ಕಿತ್ತು ಬಂದು, ಸುರುಳಿಯಾಗಿ ಅದಕ್ಕೆ ಸುತ್ತಿಕೊಂಡಿತ್ತು.

ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಅಂದ್ರೆ ಎನ್‌ಟಿಎಸ್‌ಬಿ, 2002ರ ಕೊನೆಯಲ್ಲಿ ವರದಿ ಕೊಟ್ಟಿತು. ಅದರ ಒಂದು ಪ್ಯಾರಾವನ್ನು ಈ ಎಪಿಸೋಡ್‌ಗೆ ನಾನೇ ಕನ್ನಡಕ್ಕೆ ತಂದೆ. ಬಿಕಾಂ ಓದಿದವನು ನಾನು, ನಟ್ಟು-ಬೋಲ್ಟಿಗಿಂತ ಡೆಬಿಟ್-ಕ್ರೆಡಿಟ್ಟೇ ಹೆಚ್ಚು ಪರಿಚಯ. ಆದರೂ ಸಲೀಸಾಗಿ ಬಂತು: 'ಸಿಬ್ಬಂದಿ ಗ್ರೀಸ್ ಹಾಕದ್ದರಿಂದ ಥ್ರೆಡ್ ಸವೆದು ವಿಮಾನ ಬಿತ್ತು.' ತಂಗಿಗೆ ಓದಿ ಹೇಳಿದೆ. ಅವಳು ಅರ್ಧ ಸೆಕೆಂಡ್‌ನಲ್ಲಿ, 'ಹಾಗಾದ್ರೆ ಆ ಮೆಕ್ಯಾನಿಕ್‌ದೇ ತಪ್ಪು ಬಿಡು ಅಣ್ಣ' ಅಂದ್ಲು.

ಅಲ್ಲೇ ಸಿಕ್ಕಿಬಿದ್ದೆ. ಯಾಕಂದ್ರೆ ವರದಿ ಹಾಗೆ ಹೇಳೇ ಇಲ್ಲ.

ವರದಿಯಲ್ಲಿರೋದು 'ಗ್ರೀಸ್ ಸಾಲದಿರುವುದು', ಅದೂ ಕಂಪನಿಯ ಹೆಸರು ಹಿಡಿದು. 'ಹಾಕಲಿಲ್ಲ' ಅಂದ್ರೆ ಒಬ್ಬ ಮನುಷ್ಯ, ಒಂದು ದಿನ, ಒಂದು ತಪ್ಪು. 'ಸಾಲಲಿಲ್ಲ' ಅಂದ್ರೆ ಹಾಕಿರಬಹುದು, ಸಾಕಾಗುವಷ್ಟು ಇರಲಿಲ್ಲ. ಸಿಬ್ಬಂದಿ ಅನ್ನೋ ಪದ ನಾನು ತುರುಕಿದ್ದು. ಹಾಗಂತ ಸೌಮ್ಯವಾಗಿರಲಿ ಅಂತ ಕಂಪನಿ ಹೆಸರನ್ನು ಬಿಟ್ಟು 'ಗ್ರೀಸ್ ಸಾಲಲಿಲ್ಲ' ಅಂತಷ್ಟೇ ಬರೆದರೂ ತಪ್ಪೇ. ವರದಿ ಹೇಳಿದ್ದನ್ನು ನಾನು ಮುಚ್ಚಿದ ಹಾಗಾಗುತ್ತೆ.

ಇನ್ನೊಂದು ತೊಂದರೆ ನಮ್ಮ ಭಾಷೆಯಲ್ಲೇ ಇದೆ. 'ಸವೆದು, ಕಿತ್ತು, ಬಿತ್ತು' ಅಂತ ಸಾಲಾಗಿ ಪೋಣಿಸಿದರೆ ಒಂದರಿಂದ ಇನ್ನೊಂದು ಆಯ್ತು ಅಂತಲೇ ಕಿವಿಗೆ ಬೀಳುತ್ತೆ. ಕೊನೆಗೆ 'ದರಿಂದ' ಸೇರಿಸಿಬಿಟ್ಟರೆ ಎಲ್ಲವೂ ಕಾರಣವೇ. ವರದಿಯಲ್ಲಿ ಎರಡು ಮೆಟ್ಟಿಲಿವೆ. ಮೇಲಿನದು ಸಂಭವನೀಯ ಕಾರಣ: ಥ್ರೆಡ್ ಕಿತ್ತು ವಿಮಾನದ ಮೂತಿಯನ್ನು ಏರಿಸಿ ಇಳಿಸೋ ಹಿಡಿತ ತಪ್ಪಿದ್ದು, ಥ್ರೆಡ್ ಕಿತ್ತದ್ದು ಅತಿಯಾದ ಸವೆತದಿಂದ, ಸವೆತಕ್ಕೆ ಕಾರಣ ಸಾಲದ ಗ್ರೀಸ್. ಇಲ್ಲಿ 'ದರಿಂದ' ಧೈರ್ಯವಾಗಿ ಬಳಸಬಹುದು.

ಎರಡನೇ ಮೆಟ್ಟಿಲಲ್ಲಿ ಬಳಸೋ ಹಾಗಿಲ್ಲ. ಕಂಪನಿ ಗ್ರೀಸ್ ಹಾಕುವ ಅವಧಿಯನ್ನು ಹಿಗ್ಗಿಸುತ್ತಾ 8 ತಿಂಗಳಿಗೊಮ್ಮೆ ಅಂತ ಮಾಡಿಕೊಂಡಿತ್ತು, ವಿಮಾನಯಾನ ನಿಯಂತ್ರಕರಾದ ಎಫ್‌ಎಎ ಅನುಮೋದಿಸಿತ್ತು. ಇದರಿಂದ ಥ್ರೆಡ್ ಸವೆಯಿತು ಅಂತ ವರದಿ ಹೇಳಲ್ಲ. ಒಂದು ಸಲ ಗ್ರೀಸ್ ತಪ್ಪಿಹೋದರೆ ಅತಿಯಾಗಿ ಸವೆಯುವ ಸಾಧ್ಯತೆ ಹೆಚ್ಚಾಯಿತು ಅನ್ನುತ್ತೆ. 'ಸಾಧ್ಯತೆ' ಅನ್ನೋ ಪದ ಬಿಟ್ಟರೆ ಎರಡನೇ ಮೆಟ್ಟಿಲು ಮೊದಲನೆಯದರೊಳಗೆ ಬಿದ್ದುಹೋಗುತ್ತೆ. ಸವೆತ ಅಳೆಯೋ ತಪಾಸಣೆಯ ಅವಧಿಯೂ ಹಿಗ್ಗಿತ್ತು. ಹಾಗಾಗಿ ಸವೆತ ಕಣ್ಣಿಗೆ ಬೀಳೋ ಅವಕಾಶವೇ ಸಿಗದೆ ಮುಂದುವರಿಯಿತು. ಇಲ್ಲಿ ನಾನು ಮೊದಲು 'ಸವೆಯಲು ಬಿಟ್ಟರು' ಅಂತ ಬರೆದಿದ್ದೆ. ಗೊತ್ತಿದ್ದೂ ಸುಮ್ಮನಿದ್ದರು ಅಂದ ಹಾಗೆ! ಇನ್ನೂ ಒಂದಿದೆ: ಥ್ರೆಡ್ ಪೂರ್ತಿ ಹೋದರೂ ಅನಾಹುತ ತಡೆಯೋ ವ್ಯವಸ್ಥೆ ಆ ವಿಮಾನದಲ್ಲಿ ಇರಲಿಲ್ಲ. ವರದಿ ಇದನ್ನೂ ಇದೇ ಮೆಟ್ಟಿಲಲ್ಲಿ ಇಡುತ್ತೆ.

ಈ ಎರಡನೇ ಮೆಟ್ಟಿಲಿಗೆ ಹೆಸರು ಹುಡುಕೋಕೆ ಎರಡು ದಿನ ಹೋಯ್ತು. 'ಕೊಡುಗೆ ನೀಡಿದ ಅಂಶ' ಅಂತ ಬರೆದು ನಾನೇ ನಕ್ಕೆ, ಶಾಲೆಗೆ ಬೆಂಚು ದಾನ ಮಾಡಿದ ಹಾಗಿತ್ತು. 'ಪೂರಕ' ಅಂದ್ರೂ ಒಳ್ಳೆಯದರ ವಾಸನೆ. 'ಪರೋಕ್ಷ ಕಾರಣ' ಅಂದ್ರೆ ಮತ್ತೆ ಕಾರಣವೇ ಆಯ್ತು. ಕೊನೆಗೆ 'ಜೊತೆಗೂಡಿದ ಅಂಶ' ಅಂತ ಇಟ್ಟುಕೊಂಡೆ. ಸೊಗಸಿಲ್ಲ, ಒಪ್ತೀನಿ.

'ನಿರ್ಲಕ್ಷ್ಯ' ಅನ್ನೋ ಪದವನ್ನೂ ಎಲ್ಲ ಕಡೆಯಿಂದ ಅಳಿಸಿದೆ. ಪೇಪರ್ ಓದಿ ಓದಿ ಅದು ಬೆರಳಿಗೆ ತಾನಾಗೇ ಬರುತ್ತೆ, ಆದರೆ ಅದು ಕೋರ್ಟಿನ ಪದ. ಎನ್‌ಟಿಎಸ್‌ಬಿ ಹೊಣೆ ಹೊರಿಸೋ ಸಂಸ್ಥೆ ಅಲ್ಲ.

ತಿದ್ದಿದ್ದನ್ನು ಮತ್ತೆ ತಂಗಿಗೆ ಓದಿದೆ. ಈ ಸಲ ಅವಳು ತಡೆದು ಕೇಳಿದ್ಲು: 'ಅಲ್ಲ, 8 ತಿಂಗಳು ಅಂತ ಒಪ್ಪಿಕೊಂಡಿದ್ದು ಯಾರು?' ಅದಕ್ಕೆ ಉತ್ತರ ಪ್ಯಾರಾದಲ್ಲೇ ಇತ್ತು. ರೆಕಾರ್ಡಿಂಗ್ ಬಟನ್ ಒತ್ತಿದೆ.