ಕೀಲಿ ಹಾಕಿದ ಮನೆಯ ಲೆಕ್ಕ

ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯಿಂದ ಬಂದಿರುವ ಅಧ್ಯಾಪಕ ಮಿತ್ರರೇ, ಸಂಶೋಧನಾ ವಿದ್ಯಾರ್ಥಿಗಳೇ,

ನಮ್ಮ ಭಾಗದ ಸಮೀಕ್ಷಾ ಪ್ರಬಂಧಗಳಲ್ಲಿ ಮತ್ತೆ ಮತ್ತೆ ಕಾಣುವ ಒಂದು ವಾಕ್ಯವಿದೆ: ‘ಒಟ್ಟು 400 ಪ್ರಶ್ನಾವಳಿಗಳನ್ನು ಹಂಚಲಾಯಿತು, 400 ಭರ್ತಿಯಾಗಿ ಬಂದವು, ಪ್ರತಿಕ್ರಿಯೆ ದರ ಶೇ. 100.’ ಇದನ್ನು ಓದಿದಾಗ ಮೆಚ್ಚುಗೆಗಿಂತ ಮೊದಲು ನನಗೆ ಅನುಮಾನ ಬರುತ್ತದೆ. ದಸರೆ ಮುಗಿಸಿ ಗುಳೆ ಹೋದವರು ಯುಗಾದಿಯ ಹೊತ್ತಿಗೆ ಮರಳುವ ಊರುಗಳಿವು. ಕಬ್ಬು ಕಡಿಯಲು, ಗೋವಾ ಮತ್ತು ಮಹಾರಾಷ್ಟ್ರದಲ್ಲಿ ಕಟ್ಟಡ ಕೆಲಸಕ್ಕೆ, ಬೆಂಗಳೂರಿಗೆ ಕುಟುಂಬಗಳು ಹೊರಟ ಮೇಲೆ ತಾಂಡಾಗಳಲ್ಲಿ, ಮಳೆ ನೆಚ್ಚಿದ ಊರುಗಳ ಓಣಿಗಳಲ್ಲಿ ಮನೆಗಳಿಗೆ ಕೀಲಿ ಬಿದ್ದಿರುತ್ತದೆ. ಹಾಗಿದ್ದರೆ ಆ 400 ಮನೆಗಳಲ್ಲಿ ಒಂದಕ್ಕೂ ಕೀಲಿ ಇರಲಿಲ್ಲವೇ?

ಇತ್ತು. ಮಾಹಿತಿ ಸಂಗ್ರಹಿಸಲು ಹೋದ ಹುಡುಗ ಪಕ್ಕದ ಮನೆಗೆ ಹೋಗಿ ಫಾರ್ಮ್ ತುಂಬಿದ. ಅವನ ತಪ್ಪೇನಿಲ್ಲ, ‘400 ತುಂಬಿಸಿಕೊಂಡು ಬಾ’ ಎಂದಷ್ಟೇ ನಾವು ಹೇಳಿದ್ದೆವು. ಆದರೆ ಹೀಗೆ ಪಕ್ಕದ ಮನೆ ಸೇರಿದ ಕ್ಷಣದಿಂದ ನಮ್ಮ ಮಾದರಿ ಊರಿನ ಮಾದರಿಯಾಗಿ ಉಳಿಯುವುದಿಲ್ಲ. ಅದು ಊರಲ್ಲೇ ಉಳಿದವರ ಮಾದರಿಯಾಗುತ್ತದೆ. ಬದಲಿ ಮನೆಯಿಂದ ಉತ್ತರಗಳ ಸಂಖ್ಯೆ ತುಂಬುತ್ತದೆ, ಪ್ರತಿಕ್ರಿಯೆ ದರ ಏರುವುದಿಲ್ಲ. ಏಕೆಂದರೆ ಆರಿಸಿದ ಮನೆ ಇನ್ನೂ ಉತ್ತರಿಸಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಆರಿಸಿದ ಮನೆಗೆ ಬದಲಿ ಹಿಡಿಯುವುದಕ್ಕೆ ಅವಕಾಶವೇ ಇಲ್ಲದಿರುವುದು ಇದೇ ಕಾರಣಕ್ಕೆ.

ಆ ದೊಡ್ಡ ಸಮೀಕ್ಷೆಯ ಲೆಕ್ಕವನ್ನೂ ಒಮ್ಮೆ ಬಿಡಿಸಿ ನೋಡಬೇಕು. 2019–21ರ ಐದನೇ ಸುತ್ತಿಗೆ ದೇಶದಾದ್ಯಂತ ಆರಿಸಿದ ಮನೆಗಳು 6,64,972. ಅವುಗಳಲ್ಲಿ ಜನ ವಾಸವಿದ್ದದ್ದು 6,53,144, ಸಂದರ್ಶನ ಆದದ್ದು 6,36,699. ವರದಿ ಹೇಳುವ ಶೇ. 98ರ ದರ ವಾಸವಿದ್ದ ಮನೆಗಳನ್ನು ಛೇದಕ್ಕೆ ಇಟ್ಟು ಬಂದದ್ದು. ಆರಿಸಿದ ಮನೆಗಳನ್ನೇ ಛೇದಕ್ಕೆ ಇಟ್ಟರೆ ಸುಮಾರು ಶೇ. 96 ಆಗುತ್ತದೆ. ಇದರಲ್ಲಿ ಮೋಸವಿಲ್ಲ. ಖಾಲಿ ಬಿದ್ದ ಮನೆ, ಕೆಡವಿದ ಮನೆಗಳನ್ನು ಛೇದದಲ್ಲಿ ಇಡುವುದು ಸರಿಯೂ ಅಲ್ಲ, ಮೇಲಾಗಿ ಅವರು ಮೂರೂ ಸಂಖ್ಯೆಗಳನ್ನು ಮುದ್ರಿಸಿದ್ದಾರೆ. ಆದರೆ ಇಂಥ ಸಮೀಕ್ಷೆಗಳ ನಿಯಮದಲ್ಲಿ ದೀರ್ಘಕಾಲ ಊರು ಬಿಟ್ಟ ಕುಟುಂಬವೂ ಕೆಡವಿದ ಮನೆಯ ಜೊತೆಗೇ ಛೇದದಿಂದ ಹೊರಗೆ ಹೋಗುತ್ತದೆ. ದೇಶದ ಸರಾಸರಿಗೆ ಇದು ಸಣ್ಣ ಮಾತು. ಗುಳೆಯ ಕಾಲದಲ್ಲಿ ಸಿಂದಗಿಯ ಕಡೆ ಇದೇ ನಿಯಮ ಹಿಡಿದು ಹೊರಟರೆ, ನಾವು ಹುಡುಕುತ್ತಿರುವವರೇ ಲೆಕ್ಕದಿಂದ ಜಾರಿಹೋಗುತ್ತಾರೆ, ದರ ಮಾತ್ರ ಅಂದವಾಗಿ ಕಾಣುತ್ತದೆ.

ಒಂದು ಕಲ್ಪಿತ ಸಮೀಕ್ಷೆಯನ್ನು ಇಟ್ಟುಕೊಂಡು ನೋಡೋಣ. ನಾಲ್ಕು ತಾಲ್ಲೂಕುಗಳಲ್ಲಿ ತಲಾ 200ರಂತೆ 800 ಮನೆ ಆರಿಸಿದ್ದೇವೆ. ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿರುವ ಮನೆಗಳಲ್ಲಿ, ಈ ವರ್ಷ ಮಗು ಒಂದು ತಿಂಗಳಿಗಿಂತ ಹೆಚ್ಚು ಶಾಲೆ ತಪ್ಪಿಸಿದೆಯೇ ಎಂದು ಕೇಳಬೇಕು. ಕ್ಷೇತ್ರಕಾರ್ಯ ಡಿಸೆಂಬರಿನಲ್ಲಿ. 560 ಮನೆಗಳಲ್ಲಿ ಸಂದರ್ಶನ ಪೂರ್ತಿಯಾಯಿತು. 20ರಲ್ಲಿ ಅರ್ಧಕ್ಕೆ ನಿಂತಿತು. 24 ಮನೆಯವರು ‘ನಮಗ ಬ್ಯಾಡ್ರಿ’ ಅಂದರು. 116 ಮನೆಗಳಿಗೆ ಕೀಲಿ, ಮಕ್ಕಳಿರುವ ಕುಟುಂಬ ಗುಳೆ ಹೋಗಿದೆ ಎಂದು ನೆರೆಯವರು ಹೇಳಿದರು. ಇನ್ನೂ 40 ಮನೆಗಳಿಗೂ ಕೀಲಿ, ಅಲ್ಲಿ ಮಕ್ಕಳಿದ್ದಾರೋ ಇಲ್ಲವೋ ಯಾರಿಗೂ ತಿಳಿಯದು. ಕೊನೆಯ 40ರಲ್ಲಿ ಮಕ್ಕಳೇ ಇಲ್ಲ, ಅಥವಾ ಮನೆಯೇ ಬಿದ್ದುಹೋಗಿದೆ.

ಈಗ ದರ ಎಷ್ಟು? ಬಾಗಿಲು ತೆರೆದವರನ್ನಷ್ಟೇ ಎಣಿಸಿದರೆ 604ರಲ್ಲಿ 560, ಅಂದರೆ ಶೇ. 93. ಇದು ಸಹಕಾರದ ದರ, ಕೇಳಿದವರಲ್ಲಿ ಎಷ್ಟು ಜನ ಒಪ್ಪಿದರು ಎಂಬ ಲೆಕ್ಕ. ಪ್ರತಿಕ್ರಿಯೆ ದರಕ್ಕೆ ಕೊನೆಯ 40 ಮನೆಗಳನ್ನು ಮಾತ್ರ ಕಳೆದು 760ನ್ನು ಛೇದಕ್ಕೆ ಇಡಬೇಕು, ಆಗ ಶೇ. 74 ಬರುತ್ತದೆ. ಅಮೆರಿಕದ ಸಾರ್ವಜನಿಕ ಅಭಿಪ್ರಾಯ ಸಂಶೋಧಕರ ಸಂಘ, ಅಂದರೆ ಆಪೋರ್, 1998ರಿಂದ ಪ್ರಕಟಿಸುತ್ತ ಬಂದಿರುವ ವ್ಯಾಖ್ಯೆಗಳಲ್ಲಿ ಇದು ಅತ್ಯಂತ ಕಟ್ಟುನಿಟ್ಟಾದ ಮೊದಲ ಸೂತ್ರ. ಗೊತ್ತಿಲ್ಲದ 40ರಲ್ಲಿ ಎಷ್ಟು ಮನೆ ಅರ್ಹವಿರಬಹುದು ಎಂದು ಅಂದಾಜಿಸುವ ಮೂರನೇ ಸೂತ್ರವೂ ಇದೆ. ಇಲ್ಲಿ ತಿಳಿದುಬಂದ ಮನೆಗಳಲ್ಲಿ ಶೇ. 95 ಅರ್ಹವಾಗಿದ್ದರಿಂದ 40ರಲ್ಲಿ 38 ಎಂದು ಹಿಡಿದರೂ ದರ ಬದಲಾಗುವುದಿಲ್ಲ, ಅದೇ 74. ಯಾವ ಸೂತ್ರ ಬಳಸಿದಿರಿ ಎಂದು ವಿಧಾನದ ಭಾಗದಲ್ಲಿ ಬರೆಯಿರಿ. ಅದಕ್ಕಿಂತ ಮುಖ್ಯವಾಗಿ, ನಾನು ಈಗ ಓದಿದ ಆರೂ ಸಂಖ್ಯೆಗಳನ್ನು ಬರೆಯಿರಿ. ಆಗ ಓದುಗ ತನಗೆ ಬೇಕಾದ ಸೂತ್ರದಿಂದ ತಾನೇ ಲೆಕ್ಕ ಹಾಕಿಕೊಳ್ಳಬಲ್ಲ.

ಆದರೆ 74 ಒಳ್ಳೆಯ ದರವೇ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಎಷ್ಟೋ ಗೈಡುಗಳು ‘70 ದಾಟಿದರೆ ಸಾಕು’ ಎನ್ನುತ್ತಾರೆ. ಇದಕ್ಕೆ ಆಧಾರವಿಲ್ಲ. ರಾಬರ್ಟ್ ಗ್ರೋವ್ಸ್ 2006ರಲ್ಲಿ ಹಲವು ಸಮೀಕ್ಷೆಗಳ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ, ದರ ಕಡಿಮೆಯಾದಷ್ಟೂ ತಪ್ಪು ಹೆಚ್ಚುತ್ತದೆ ಎಂಬ ನೇರ ನಂಟು ಸಿಗಲಿಲ್ಲ. ಒಂದೇ ಸಮೀಕ್ಷೆಯ ಒಂದು ಪ್ರಶ್ನೆಯಲ್ಲಿ ದೊಡ್ಡ ತಪ್ಪು, ಇನ್ನೊಂದರಲ್ಲಿ ಏನೂ ಇಲ್ಲ. ನಾನ್‌ರೆಸ್ಪಾನ್ಸ್ ಬಯಾಸ್ ಎನ್ನುವುದು ಎರಡು ಸಂಖ್ಯೆಗಳ ಗುಣಲಬ್ಧ: ಉತ್ತರಿಸದವರ ಪಾಲು, ಮತ್ತು ಉತ್ತರಿಸಿದವರಿಗೂ ಉತ್ತರಿಸದವರಿಗೂ ಇರುವ ಅಂತರ. ನಮ್ಮ 560 ಮನೆಗಳಲ್ಲಿ 84, ಅಂದರೆ ಶೇ. 15, ಮಗು ಶಾಲೆ ತಪ್ಪಿಸಿದೆ ಎಂದವು. ಉತ್ತರಿಸದ ಶೇ. 26ರಲ್ಲಿ ಅದು ಶೇ. 45 ಇದ್ದರೆ, 30ರ ಅಂತರವನ್ನು 0.26ರಿಂದ ಗುಣಿಸಿ ಸುಮಾರು 8 ಬರುತ್ತದೆ. ನಿಜವಾದ ಉತ್ತರ 23, ನಾವು ಬರೆದದ್ದು 15. ಅದೇ ಪ್ರಶ್ನಾವಳಿಯಲ್ಲಿ ಮನೆಗೆ ವಿದ್ಯುತ್ ಸಂಪರ್ಕ ಇದೆಯೇ ಎಂದೂ ಕೇಳಿದ್ದರೆ, ಅಲ್ಲಿ ಅಂತರ 3 ಮಾತ್ರ ಇದ್ದರೆ, ತಪ್ಪು ಒಂದಕ್ಕಿಂತ ಕಡಿಮೆ. ಅದೇ ಕೀಲಿ, ಅದೇ ದರ. ಮಗು ಶಾಲೆ ತಪ್ಪಿಸಿದ ಕಾರಣವೂ ಮನೆಗೆ ಕೀಲಿ ಬಿದ್ದ ಕಾರಣವೂ ಒಂದೇ ಆಗಿರುವುದರಿಂದ ಮೊದಲ ಪ್ರಶ್ನೆ ಕೆಡುತ್ತದೆ. ಹಾಗಾಗಿ ‘ಈ ಸಮೀಕ್ಷೆಯಲ್ಲಿ ಬಯಾಸ್ ಇಲ್ಲ’ ಎಂಬ ಒಟ್ಟಾರೆ ಹೇಳಿಕೆಗೆ ಅರ್ಥವಿಲ್ಲ. ಯಾವ ಪ್ರಶ್ನೆಯ ಉತ್ತರದಲ್ಲಿ ಎಂದು ಹೇಳಬೇಕು.

ಉತ್ತರಿಸದೆ ಉಳಿಯುವ ಬಗೆಗಳಲ್ಲೂ ವ್ಯತ್ಯಾಸವಿದೆ. 2025ರ ಸೆಪ್ಟೆಂಬರ್ 22ರಂದು ಶುರುವಾದ ನಮ್ಮ ರಾಜ್ಯದ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಯನ್ನು ನೆನೆಯಿರಿ. ಬೆಂಗಳೂರಿನಲ್ಲಿ ಸುದ್ದಿಯಾದದ್ದು ಮಾಹಿತಿ ಕೊಡೆವು ಎಂದವರು. ನಮ್ಮ ಕಡೆ ಬೇಡ ಎನ್ನುವವರು ಕಡಿಮೆ, ಕೇಳಲು ಕೈಗೆ ಸಿಗದವರೇ ಹೆಚ್ಚು. ಇವೆರಡನ್ನೂ ಒಂದೇ ಸಾಲಿನಲ್ಲಿ ‘ಉತ್ತರಿಸಲಿಲ್ಲ’ ಎಂದು ಬರೆದರೆ ಮುಂದಿನ ಪರಿಶೀಲನೆಯ ದಾರಿ ಅಲ್ಲೇ ಮುಚ್ಚುತ್ತದೆ.

ಪರಿಶೀಲನೆಗೆ ನಮ್ಮ ಪ್ರಬಂಧಗಳು ಹಿಡಿಯುವ ಸುಲಭದ ದಾರಿ ಒಂದಿದೆ. ಬೇಗ ಉತ್ತರಿಸಿದವರನ್ನು, ತಡವಾಗಿ ಉತ್ತರಿಸಿದವರನ್ನು ಹೋಲಿಸಿ, ಟಿ–ಪರೀಕ್ಷೆ ಮಾಡಿ, ‘ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ, ಆದ್ದರಿಂದ ಬಯಾಸ್ ಇಲ್ಲ’ ಎಂದು ಮುಗಿಸುವುದು. ಇದಕ್ಕೆ ಎಲ್ಲರೂ ಉಲ್ಲೇಖಿಸುವುದು ಆರ್ಮ್‌ಸ್ಟ್ರಾಂಗ್ ಮತ್ತು ಓವರ್ಟನ್ ಅವರ 1977ರ ಲೇಖನವನ್ನು. ಅವರು ಬರೆದದ್ದು ಅಂಚೆಯ ಸಮೀಕ್ಷೆಗಳ ಬಗ್ಗೆ. ನೆನಪಿನ ಪತ್ರ ಬಂದ ಮೇಲೆ ಉತ್ತರಿಸುವವನು ಉತ್ತರಿಸದವನನ್ನು ಹೋಲುತ್ತಾನೆ ಎಂಬುದು ಅಲ್ಲಿನ ಊಹೆ. ಮೂರನೇ ಭೇಟಿಯಲ್ಲಿ ಸಿಕ್ಕ ಮನೆಯಾಕೆ ಮೊದಲೆರಡು ಸಲ ಹೊಲಕ್ಕೆ ಹೋಗಿದ್ದಳು. ಗೋವಾದಲ್ಲಿ ಇಟ್ಟಿಗೆ ಹೊರುತ್ತಿರುವ ಕುಟುಂಬಕ್ಕೆ ಅವಳು ಪ್ರತಿನಿಧಿಯಾಗುವುದು ಹೇಗೆ? ಮೇಲಾಗಿ ಮೂರನೇ ಭೇಟಿಯಲ್ಲಿ ಸಿಕ್ಕವರು ಇಪ್ಪತ್ತೋ ಮೂವತ್ತೋ ಜನ ಮಾತ್ರವಾದರೆ, ಇರುವ ವ್ಯತ್ಯಾಸವೂ ಪರೀಕ್ಷೆಯ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ದಾರಿ ಜನಗಣತಿಯ ಜೊತೆ ಹೋಲಿಸುವುದು. ನಮ್ಮ ಜಿಲ್ಲೆಯಲ್ಲಿ ಇದಕ್ಕೊಂದು ತೊಡಕಿದೆ. 2011ರ ಜನಗಣತಿಯಲ್ಲಿ ಜಿಲ್ಲೆಗೆ ಐದೇ ತಾಲ್ಲೂಕು. ಆಮೇಲೆ ಇಂಡಿಯಿಂದ ಚಡಚಣ, ಮುದ್ದೇಬಿಹಾಳದಿಂದ ತಾಳಿಕೋಟಿ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ ಬೇರೆಯಾದವು. ಇಂದಿನ ಸಿಂದಗಿ ತಾಲ್ಲೂಕನ್ನು ಅಂದಿನ ಸಿಂದಗಿಗೆ ಹೋಲಿಸಿದರೆ ಬೇರೆ ಬೇರೆ ನೆಲವನ್ನು ಹೋಲಿಸಿದಂತೆ. ಹೋಲಿಸುವುದಾದರೆ ಹಳ್ಳಿಯ ಮಟ್ಟಕ್ಕೆ ಇಳಿಯಬೇಕು. ಇಳಿದರೂ ವಯಸ್ಸು, ಲಿಂಗ, ಅಕ್ಷರಜ್ಞಾನ ಹೊಂದಿಕೊಂಡ ಮಾತ್ರಕ್ಕೆ ಗುಳೆಯ ಕೊರತೆ ತುಂಬುವುದಿಲ್ಲ.

ನಮಗೆ ಒಗ್ಗುವ ದಾರಿ ಹಳೆಯದು, ಹ್ಯಾನ್ಸನ್ ಮತ್ತು ಹರ್ವಿಟ್ಜ್ 1946ರಲ್ಲೇ ತೋರಿಸಿದ್ದು. ಉತ್ತರಿಸದವರಲ್ಲಿ ಕೆಲವರನ್ನು ಚೀಟಿ ಎತ್ತಿದಂತೆ ಆರಿಸಿ, ಅವರ ಹಿಂದೆ ಪೂರ್ತಿ ಶ್ರಮ ಹಾಕುವುದು. ನಮ್ಮ 116 ಮನೆಗಳಲ್ಲಿ ನಾಲ್ಕಕ್ಕೊಂದರಂತೆ 29ನ್ನು ಆರಿಸಿ, ಯುಗಾದಿ ಮುಗಿದ ವಾರ ಮತ್ತೆ ಹೋದೆವು ಎನ್ನೋಣ. 26 ಮನೆಯವರು ಸಿಕ್ಕರು, 12 ಮನೆಗಳಲ್ಲಿ ಮಗು ಶಾಲೆ ತಪ್ಪಿಸಿತ್ತು. ಈ ಪ್ರಮಾಣವನ್ನು 116ಕ್ಕೂ ಹಚ್ಚಿದರೆ ಸುಮಾರು 54 ಮನೆ. ಮೊದಲಿನ 84 ಕೂಡಿಸಿದರೆ 676ರಲ್ಲಿ 138, ಶೇ. 20. ಈ 26 ಮನೆ ತೀರಾ ಚಿಕ್ಕ ಸಂಖ್ಯೆ, ಅದರಿಂದಲೇ ಒಟ್ಟು ಅಂದಾಜು ಮೂರು ಅಂಶದಷ್ಟು ಮೇಲೆ ಕೆಳಗೆ ಆಗಬಹುದು. ಅದನ್ನೂ ಬರೆಯಬೇಕು. ಆದರೂ ಶೇ. 15 ಸರಿಯಲ್ಲ ಎಂಬುದು ಈಗ ಗೊತ್ತಾಯಿತು.

ಇದರ ಬೆಲೆ ಎಷ್ಟೆಂದು ನೋಡಲು ಎರಡು ತುದಿಗಳ ಲೆಕ್ಕ ಹಾಕಿ. ಮರುಭೇಟಿ ಇಲ್ಲದಿದ್ದರೆ, ಉತ್ತರಿಸದ ಎಲ್ಲ ಮನೆಗಳೂ ‘ಇಲ್ಲ’ ಅಂದಿದ್ದರೆ ಶೇ. 11, ಎಲ್ಲವೂ ‘ಹೌದು’ ಅಂದಿದ್ದರೆ 37. ಸತ್ಯ ಇವೆರಡರ ನಡುವೆ ಎಲ್ಲಾದರೂ ಇರಬಹುದಿತ್ತು. ಮರುಭೇಟಿಯ ನಂತರ, 116ಕ್ಕೆ ಅಲ್ಲಿನ ಅಂದಾಜನ್ನೇ ಇಟ್ಟು, ಅರ್ಧಕ್ಕೆ ನಿಂತ, ನಿರಾಕರಿಸಿದ ಮತ್ತು ಗೊತ್ತಿಲ್ಲದ ಸುಮಾರು 82 ಮನೆಗಳಿಗೆ ಇದೇ ಲೆಕ್ಕ ಹಾಕಿದರೆ 18ರಿಂದ 29. ಹದಿನೈದು ಅಂಶದಷ್ಟು ಅನಿಶ್ಚಿತತೆ ಕಡಿಮೆಯಾಯಿತು. ನಿಮ್ಮ ಪ್ರಯಾಣ ಭತ್ಯೆಯಲ್ಲಿ ಇಷ್ಟು ಕೊಳ್ಳಬಲ್ಲ ಬೇರೆ ಖರ್ಚು ನನಗೆ ಕಾಣದು.

ಹಾಗಾದರೆ ಮಿತಿಗಳ ಭಾಗದಲ್ಲಿ ಏನು ಬರೆಯುವುದು? ‘ಕಡಿಮೆ ಪ್ರತಿಕ್ರಿಯೆ ದರ ಈ ಅಧ್ಯಯನದ ಮಿತಿ’ ಎಂಬುದು ಕೈತೊಳೆದುಕೊಳ್ಳುವ ವಾಕ್ಯ. ತಪ್ಪು ಯಾವ ದಿಕ್ಕಿಗೆ, ಎಷ್ಟು ಎಂದು ಅದು ಹೇಳುವುದಿಲ್ಲ. ಈ ಕಲ್ಪಿತ ಅಧ್ಯಯನಕ್ಕೆ ನಾನಾದರೆ ಹೀಗೆ ಬರೆಯುತ್ತೇನೆ: ‘ಡಿಸೆಂಬರಿನ ಸಂದರ್ಶನಗಳಲ್ಲಿ ಗುಳೆ ಹೋದ ಕುಟುಂಬಗಳು ಬಿಟ್ಟುಹೋಗಿದ್ದರಿಂದ ಶಾಲೆ ತಪ್ಪಿದ ಪ್ರಮಾಣ ನಿಜಕ್ಕಿಂತ ಕಡಿಮೆ ಕಂಡಿತು. ಯುಗಾದಿ ನಂತರದ ಮರುಭೇಟಿ ಸೇರಿಸಿದಾಗ ಅದು ಶೇ. 15ರಿಂದ 20ಕ್ಕೆ ಏರಿತು. ಮರುಭೇಟಿಯಲ್ಲೂ ಸಿಗದ ಮೂರು ಮನೆಗಳ ಕುಟುಂಬಗಳು ಊರಿಗೆ ಮರಳಿರಲಿಲ್ಲ, ಆದ್ದರಿಂದ 20 ಕೂಡ ಕಡಿಮೆಯೇ ಇರಬಹುದು. ನಿರಾಕರಿಸಿದ 24 ಮನೆಗಳ ಬಗ್ಗೆ ನಮಗೆ ಮಾಹಿತಿ ಇಲ್ಲ.’

ಇದನ್ನು ಬರೆಯಲು ಆಗುವುದು ಭೇಟಿ ಹಾಳೆ ಇದ್ದರೆ ಮಾತ್ರ. ಪ್ರತಿ ಮನೆಗೆ ಒಂದು ಸಾಲು: ಯಾವ ದಿನ, ಯಾವ ಹೊತ್ತಿಗೆ ಹೋದೆವು, ಬಾಗಿಲು ತೆರೆದಿತ್ತೇ, ನೆರೆಯವರು ಏನೆಂದರು, ಮನೆಯ ಮಾಳಿಗೆ ಎಂಥದು. ಪ್ರಶ್ನಾವಳಿಗಳನ್ನು ಕಪಾಟಿನಲ್ಲಿಟ್ಟು ಭೇಟಿ ಹಾಳೆಯನ್ನು ರದ್ದಿಗೆ ಹಾಕುವ ರೂಢಿ ನಮ್ಮಲ್ಲಿದೆ. ಮಧ್ಯಾಹ್ನದ ಗೋಷ್ಠಿಗೆ ನಿಮ್ಮ ನಿಮ್ಮ ಅಧ್ಯಯನದ ಹಾಳೆ ತಂದಿರುವವರು ದಯವಿಟ್ಟು ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಿ. ಕೆಲಸ ಅಲ್ಲಿಂದಲೇ ಶುರು ಮಾಡೋಣ.