ಪ್ರೆಸ್ ಯಂತ್ರ ನಿರ್ವಾಹಕರಿಗೆ ಪಾಳಿಯ ಆರಂಭದಲ್ಲಿ ಓದುವ ಸುರಕ್ಷತಾ ಮಾತು

ಗ್ರಾಮ ಪಂಚಾಯಿತಿ ಸದಸ್ಯರು ತಮ್ಮ ವ್ಯಾಪ್ತಿಯ ತಗಡು ಪ್ರೆಸ್ ಘಟಕಗಳಿಗೆ ಇದನ್ನು ತಲುಪಿಸುವುದು. ಮೇಲ್ವಿಚಾರಕರು ಯಂತ್ರದ ಮುಂದೆ ನಿಂತು ನಿಧಾನವಾಗಿ ಓದತಕ್ಕದ್ದು.

ಸಹೋದ್ಯೋಗಿಗಳೇ,

ಮೋಟಾರು ನಿಲ್ಲಿಸಿದ ಮೇಲೂ ಈ ಯಂತ್ರದ ಭಾರವಾದ ಗಾಲಿ ತಿರುಗುತ್ತಲೇ ಇರುತ್ತದೆ. ಆಗ ಪೆಡಲಿಗೆ ಕಾಲು ತಗುಲಿದರೆ ಮೇಲಿನ ಅಚ್ಚು ಕೆಳಗಿಳಿಯಬಲ್ಲದು. ಆದುದರಿಂದ ಮೋಟಾರು ನಿಂತಿತೆಂದು ಕೈ ಹಾಕಬೇಡಿ. ಗಾಲಿ ನಿಲ್ಲಲಿ.

ತಗಡು ಅಚ್ಚಿನಲ್ಲಿ ಸಿಕ್ಕಿಕೊಂಡಿತೆನ್ನೋಣ. ಪೆಡಲಿನಿಂದ ಕಾಲು ತೆಗೆಯಿರಿ. ಮೋಟಾರು ನಿಲ್ಲಿಸಿ. ಗಾಲಿ ನಿಂತದ್ದನ್ನು ಕಣ್ಣಾರೆ ನೋಡಿ. ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿ, ಕೀಲಿಯನ್ನು ನಿಮ್ಮ ಜೇಬಿನಲ್ಲಿಯೇ ಇಡಿ. ಬ್ರೇಕು ಸವೆದಿದ್ದರೆ ಮೇಲಿನ ಅಚ್ಚು ತನ್ನ ಭಾರಕ್ಕೇ ಜಾರುತ್ತದೆ. ಅದಕ್ಕಾಗಿ ನಡುವೆ ಆನಿಕೆಯ ದಿಮ್ಮಿ ಇಡಿ. ಆಮೇಲೆ ಇಕ್ಕಳದಿಂದ ತಗಡು ತೆಗೆಯಿರಿ, ಬೆರಳಿನಿಂದಲ್ಲ. ಮತ್ತೊಮ್ಮೆ ಹೇಳುತ್ತೇನೆ: ಗಾಲಿ ನಿಲ್ಲಲಿ, ಬೀಗ ಬೀಳಲಿ, ದಿಮ್ಮಿ ಕೂರಲಿ, ಆಮೇಲೆ ಇಕ್ಕಳ. ಇದರಿಂದ ಎಣಿಕೆ ಕಡಿಮೆಯಾದರೆ ಮಾಲೀಕರಿಗೆ ಉತ್ತರ ಹೇಳುವವನು ನಾನು.

ಒಂದು ಒತ್ತಿಗೆ ಒಂದೇ ಏಟು. ಒಮ್ಮೆ ಒತ್ತಿದಾಗ ಎರಡನೆಯ ಏಟು ತಾನಾಗಿ ಬಿದ್ದರೆ ಕ್ಲಚ್ ಕೆಟ್ಟಿದೆ ಎಂದರ್ಥ. ಯಂತ್ರ ನಿಲ್ಲಿಸಿ, ನನ್ನನ್ನು ಕರೆಯಿರಿ.

ಈಗ ಕಾವಲು ಜಾಲರಿ ಮುಚ್ಚಿ, ತಗಡು ಇಡದೆ ಒಂದು ಏಟು ಹೊಡೆದು ನೋಡಿ. ಸರಿಯಿದ್ದರೆ ನನಗೆ ಕೈ ಎತ್ತಿ ತೋರಿಸಿ.